ಬುತ್ತಿಯ ಮುಚ್ಚಳ ಸೋರುವುದೇಕೆ?

ನಮಗೆ ಶಾಲೆಯಲ್ಲಿ ಬಿಸಿಯೂಟ ಉಂಟು. ಆದರೆ ನನ್ನ ಅಣ್ಣ ಮಡಂತ್ಯಾರಿನಿಂದ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವುದರಿಂದ ಸ್ಟೀಲಿನ ಬುತ್ತಿ ಕೊಂಡುಹೋಗುತ್ತಾನೆ. ಎರಡೂ ಕಡೆ ಕ್ಲಿಪ್ ಇರುವ ಆ ಬುತ್ತಿಯಿಂದ ಸಾರು ಸೋರಿ ಚೀಲವೆಲ್ಲಾ ಒದ್ದೆಯಾಗುತ್ತಿತ್ತು. ಅದನ್ನು ಸರಿಮಾಡಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮುಚ್ಚಳದ ಒಳಗಿನ ತೋಡಿನಲ್ಲಿ ಸಿಲಿಕೋನ್ ರಿಂಗ್ ಇರುತ್ತದೆ. ಕ್ಲಿಪ್ ಹಾಕಿದಾಗ ಡಬ್ಬಿಯ ಅಂಚು ಆ ರಿಂಗನ್ನು ಒತ್ತುತ್ತದೆ. ಮೆತ್ತಗಿನ ರಿಂಗ್ ಅದುಮಿಕೊಂಡು ಸಂದನ್ನು ಮುಚ್ಚುತ್ತದೆ. ಆದ್ದರಿಂದ ಸೋರಲು ಮುಖ್ಯವಾಗಿ ಎರಡು ಕಾರಣ: ರಿಂಗ್ ಗಟ್ಟಿಯಾಗಿ ಚಪ್ಪಟೆಯಾಗುವುದು, ಇಲ್ಲವೇ ಅಂಚು ನೆಗ್ಗುವುದು.

ಕಾರಣ ಕಂಡುಹಿಡಿಯುವುದು: ಡಬ್ಬಿಗೆ ನೀರು ತುಂಬಿಸಿ, ಮುಚ್ಚಿ, ಹಳೇ ಪೇಪರಿನ ಮೇಲೆ ಹತ್ತು ನಿಮಿಷ ಕವುಚಿ ಇಡಬೇಕು. ಸೋರಿದ ಜಾಗಕ್ಕೆ ಡಬ್ಬಿಯಲ್ಲೂ ರಿಂಗಿನಲ್ಲೂ ಪೆನ್ನಿನಿಂದ ಗುರುತು ಹಾಕಿ. ಮತ್ತೆ ರಿಂಗನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಕೂರಿಸಿ, ಪುನಃ ಪರೀಕ್ಷೆ ಮಾಡಿ. ಸೋರಿಕೆ ರಿಂಗಿನ ಗುರುತಿನ ಜೊತೆ ಸರಿದರೆ ದೋಷ ರಿಂಗಿನದ್ದು. ಅಲ್ಲೇ ನಿಂತರೆ ಅಂಚಿನದ್ದು. ನಮ್ಮದರಲ್ಲಿ ಎರಡು ಕಡೆ ಸೋರುತ್ತಿತ್ತು. ಒಂದು ಸರಿಯಿತು, ಒಂದು ಅಲ್ಲೇ ನಿಂತಿತು. ಅಂದರೆ ಎರಡೂ ಹಾಳಾಗಿತ್ತು!

ಅಂಚು ಸರಿಮಾಡುವುದು: ಮೊದಲು ಅಂಚು, ನಂತರ ರಿಂಗ್. ಡಬ್ಬಿಯನ್ನು ಗಾಜಿನ ಮೇಲೆ ಕವುಚಿ, ಒಳಗೆ ಬೆಳಕು ಎಲ್ಲಿಂದ ನುಸುಳುತ್ತದೆಂದು ನೋಡಿದರೆ ನೆಗ್ಗು ಗೊತ್ತಾಗುತ್ತದೆ. ಒಳಕ್ಕೆ ನೆಗ್ಗಿದ್ದರೆ ಮಡಚಿದ ಗೋಣಿಯ ಮೇಲೆ ಡಬ್ಬಿಯನ್ನು ಅಡ್ಡ ಮಲಗಿಸಿ, ಒಳಗಿನಿಂದ ಉರುಟು ಮರದ ತುಂಡನ್ನು ಇಟ್ಟು ಮೆಲ್ಲ ಮೆಲ್ಲ ತಟ್ಟಬೇಕು. ಕಬ್ಬಿಣದ ಸುತ್ತಿಗೆ ಬೇಡ, ಅದು ತಗಡನ್ನು ತೆಳುಮಾಡಿ ಹೊಸ ಗುಳಿ ಬೀಳಿಸುತ್ತದೆ. ಸ್ಟೀಲು ಸ್ವಲ್ಪ ಹಿಂದಕ್ಕೆ ಸ್ಪ್ರಿಂಗಿನಂತೆ ಬರುವುದರಿಂದ ಒಂದು ಚೂರು ಹೆಚ್ಚೇ ದೂಡಬೇಕು. ಆದರೆ ಆಚೀಚೆ ಪದೇ ಪದೇ ಬಗ್ಗಿಸಿದರೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಡಬ್ಬಿಗೆ ಈ ಉಪಾಯ ಸಾಲದು.

ರಿಂಗ್ ತರುವುದು: ಹಳೇ ರಿಂಗ್ ಎಳೆದುಹೋಗಿರಬಹುದು, ಹಾಗಾಗಿ ತೋಡನ್ನೇ ಅಳೆಯಬೇಕು. ತೋಡಿನ ಮಧ್ಯದಲ್ಲಿ ನೂಲು ಸುತ್ತಿಟ್ಟು ಅಳೆದೆ, 44 ಸೆ.ಮೀ. ಬಂತು. ನಮ್ಮ ಗಣಿತದ ಸೂತ್ರದಂತೆ ವ್ಯಾಸ = 44 × 7 ÷ 22 = 14 ಸೆ.ಮೀ. ದಪ್ಪ ನೋಡಲು ಹಳೇ ರಿಂಗನ್ನೂ ಅಂಗಡಿಗೆ ಕೊಂಡುಹೋಗಿ. ಸಣ್ಣ ರಿಂಗನ್ನು ಎಳೆದು ಹಾಕಿದರೆ ತೆಳ್ಳಗಾಗಿ ಸೋರುತ್ತದೆ. ದೊಡ್ಡದು ಸುಕ್ಕಾಗಿ ಸೋರುತ್ತದೆ. ನಮ್ಮ ತೋಟಗಳಲ್ಲಿ ಸಿಗುವ ರಬ್ಬರಿನ ರಿಂಗ್ ಎಣ್ಣೆ ತಾಗಿದರೆ ಉಬ್ಬುತ್ತದೆ. ಸಿಲಿಕೋನ್ ಬಿಸಿಯನ್ನೂ ಚೆನ್ನಾಗಿ ತಡೆಯುತ್ತದೆ. ಗೋಂದು ಮಾತ್ರ ಹಚ್ಚಬೇಡಿ, ಅದು ಊಟಕ್ಕೆ ಸೇರುತ್ತದೆ.

ಇನ್ನೊಂದು ವಿಷಯ. ಬಿಸಿ ಅನ್ನ ಹಾಕಿ ಮುಚ್ಚಿದರೆ ಒಳಗಿನ ಹಬೆ ತಣಿದು ನೀರಾಗುತ್ತದೆ, ಆಗ ಹೊರಗಿನ ಗಾಳಿ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ. ಅದನ್ನು ಚಮಚದಿಂದ ಮೀಂಟಿದರೆ ಅಂಚು ಪುನಃ ಬಗ್ಗುತ್ತದೆ. ಡಬ್ಬಿಯನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಇಟ್ಟರೆ ತಾನಾಗಿ ಸಡಿಲವಾಗುತ್ತದೆ.