ಕಾಲಿನ ತುರಿಕೆ, ಮನೆಯ ಟವೆಲ್, ಸೂಟ್‌ಕೇಸಿನ ಟ್ಯೂಬು

ಊರಿಂದ ಬರುವ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಸಾರಿನಪುಡಿಗಳ ಪಕ್ಕದಲ್ಲಿ ಒಂದು ಔಷಧಿ ಚೀಲವೂ ಇದ್ದೇ ಇರುತ್ತದೆ. ಜ್ವರದ ಮಾತ್ರೆ, ಅಮೃತಾಂಜನ, ಜೊತೆಗೆ “ಯಾವ ತುರಿಕೆಗಾದರೂ ಹಚ್ಚಿ, ಎರಡೇ ದಿನಕ್ಕೆ ಹೋಗುತ್ತೆ” ಎಂದು ಮೆಡಿಕಲ್ ಸ್ಟೋರಿನವರು ಕೊಟ್ಟ ಒಂದು ಸಣ್ಣ ಟ್ಯೂಬು. ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಮನೆಗಳಲ್ಲಿ ಕಾಲಿನ ಹುಳುಕಡ್ಡಿ ತಿಂಗಳುಗಟ್ಟಲೆ ವಾಸಿಯಾಗದೆ ಉಳಿಯುವುದಕ್ಕೆ ಎಷ್ಟೋ ಸಲ ಈ ಟ್ಯೂಬೇ ಕಾರಣ. ಅದರ ಜೊತೆಗೆ ಬಚ್ಚಲುಮನೆಯ ಬಾಗಿಲ ಹಿಂದೆ ತೂಗುಹಾಕಿದ, ಮನೆಮಂದಿಯೆಲ್ಲ ಬಳಸುವ ಟವೆಲ್ಲೂ ಸೇರಿಕೊಳ್ಳುತ್ತದೆ.

ಹೀಗೊಂದು ಮನೆ ಎಂದುಕೊಳ್ಳಿ

ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗ. ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಗೆ ಬಂದಿಳಿದರು. ಅಪಾರ್ಟ್‌ಮೆಂಟಿನಲ್ಲೇ ಜಿಮ್ ಇದೆ, ಈಜುಕೊಳವಿದೆ. ಯಜಮಾನರು ಅಲ್ಲಿನ ಶವರಿನಲ್ಲಿ ಬರಿಗಾಲಿನಲ್ಲೇ ಸ್ನಾನ ಮುಗಿಸಿ, ಒದ್ದೆ ಕಾಲಿಗೇ ಸಾಕ್ಸ್ ಏರಿಸಿ, ದಿನವಿಡೀ ಶೂ ಹಾಕಿಕೊಂಡಿರುತ್ತಾರೆ. ನವೆಂಬರಿನ ಹೊತ್ತಿಗೆ ಕಾಲಿನ ಕಿರುಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಸಂದಿನಲ್ಲಿ ಚರ್ಮ ಬೆಳ್ಳಗೆ ನೆನೆದಂತಾಗಿ ಸುಲಿಯತೊಡಗಿತು. ಸಂಜೆ ಸಾಕ್ಸ್ ತೆಗೆದೊಡನೆ ವಿಪರೀತ ತುರಿಕೆ. ಊರಿನಲ್ಲಾಗಿದ್ದರೆ ಮಳೆಗಾಲದ ಕೆಸರುಹುಣ್ಣು ಎಂದು ಸುಮ್ಮನಾಗುತ್ತಿದ್ದರೋ ಏನೋ.

ಆಗ ಸೂಟ್‌ಕೇಸಿನ ಟ್ಯೂಬು ಹೊರಬಂತು. ಹಚ್ಚಿದ ಎರಡನೇ ದಿನಕ್ಕೆ ತುರಿಕೆ ಮಾಯ, ಐದನೇ ದಿನಕ್ಕೆ ಕೆಂಪೂ ಇಳಿಯಿತು. ಹಚ್ಚುವುದನ್ನು ಬಿಟ್ಟರು. ಎರಡು ವಾರಕ್ಕೆ ಮತ್ತೆ ತುರಿಕೆ, ಈ ಸಲ ಅಂಗಾಲಿನ ಅಂಚಿಗೂ ಹಬ್ಬಿತ್ತು. ಮತ್ತೆ ಟ್ಯೂಬು, ಮತ್ತೆ ನೆಮ್ಮದಿ, ಮತ್ತೆ ತುರಿಕೆ. ಫೆಬ್ರವರಿಯಲ್ಲಿ ಬಲ ಅಂಗೈ ಒಣಗಿ, ಗೆರೆಗಳಲ್ಲೆಲ್ಲ ಹಿಟ್ಟು ಮೆತ್ತಿದಂತೆ ಬಿಳಿ ಹೊಟ್ಟು ಕಾಣಿಸಿತು. ಪಾತ್ರೆ ಸೋಪು, ಇಲ್ಲಿನ ಚಳಿ ಎಂದು ಮಾಯಿಶ್ಚರೈಸರ್ ಹಚ್ಚಿದರು. ಅಷ್ಟರಲ್ಲಿ ಹೆಂಡತಿಯ ಕಾಲ್ಬೆರಳ ಸಂದೂ ಸುಲಿಯತೊಡಗಿತ್ತು.

ಟ್ಯೂಬಿನೊಳಗೆ ಇದ್ದದ್ದೇನು

ಹುಳುಕಡ್ಡಿಗೆ ಕಾರಣ ಒಂದು ಬಗೆಯ ಶಿಲೀಂಧ್ರ. ಕೈಕಾಲುಗಳಲ್ಲಿ ಹೆಚ್ಚಾಗಿ ಕಾಣಿಸುವುದು ಟ್ರೈಕೊಫೈಟನ್ ರೂಬ್ರಮ್. ಚರ್ಮದ ಮೇಲ್ಪದರ, ಉಗುರು, ಕೂದಲುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಇದರ ಆಹಾರ. ಬೆಚ್ಚಗೆ, ಒದ್ದೆಯಾಗಿರುವ ಜಾಗ ಸಿಕ್ಕರೆ ಚೆನ್ನಾಗಿ ಬೆಳೆಯುತ್ತದೆ. ಉದುರಿದ ಚರ್ಮದ ಹೊಟ್ಟಿನಲ್ಲಿ ಇದು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಆದ್ದರಿಂದಲೇ ಶವರಿನ ನೆಲ, ಬಾತ್‌ರೂಮ್ ಮ್ಯಾಟ್, ಟವೆಲ್, ಸಾಕ್ಸ್‌ಗಳ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ.

ನಮ್ಮ ಊರುಗಳಲ್ಲಿ ಮಾರಾಟವಾಗುವ ಅನೇಕ ತುರಿಕೆ ಕ್ರೀಮುಗಳಲ್ಲಿ ಮೂರು ಔಷಧಿಗಳು ಬೆರೆತಿರುತ್ತವೆ: ಶಿಲೀಂಧ್ರಕ್ಕೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಬಲವಾದ ಒಂದು ಸ್ಟೀರಾಯ್ಡ್. ತುರಿಕೆ ಎರಡು ದಿನಕ್ಕೆ ನಿಲ್ಲುವುದು ಈ ಸ್ಟೀರಾಯ್ಡಿನಿಂದ. ಅದು ಚರ್ಮದ ಉರಿಯೂತವನ್ನು ಅಡಗಿಸುತ್ತದೆ. ಆದರೆ ಶಿಲೀಂಧ್ರದ ವಿರುದ್ಧ ಮೈ ನಡೆಸುತ್ತಿದ್ದ ಹೋರಾಟವೇ ಆ ಉರಿಯೂತ. ಅದು ಅಡಗಿದಾಗ ಶಿಲೀಂಧ್ರಕ್ಕೆ ತಡೆಯಿಲ್ಲ, ಮೇಲೆ ಶಾಂತವಾಗಿ ಕಂಡರೂ ಒಳಗೆ ಹರಡುತ್ತಿರುತ್ತದೆ. ಹುಳುಕಡ್ಡಿಯ ಗುರುತಾದ ಉಂಗುರದ ಅಂಚೂ ಅಳಿಸಿಹೋಗುವುದರಿಂದ ಡಾಕ್ಟರಿಗೂ ಅದನ್ನು ಗುರುತಿಸುವುದು ಕಷ್ಟ. ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ತೊಡೆಸಂದಿಯಂಥ ಮೆತ್ತನೆಯ ಜಾಗದಲ್ಲಂತೂ ಬಿರುಕಿನಂಥ ಗೆರೆಗಳು ಶಾಶ್ವತವಾಗಿ ಉಳಿದುಬಿಡುತ್ತವೆ.

ಟ್ಯೂಬನ್ನು ತಿರುಗಿಸಿ ಸಣ್ಣಕ್ಷರದ ಪಟ್ಟಿ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್ ಬೆರೆಸಿದ್ದು. ಹುಳುಕಡ್ಡಿಗೆ ಬೇಡ. ಇಲ್ಲಿ ಚೀಟಿಯಿಲ್ಲದೆ ಸಿಗುವ ಹೈಡ್ರೊಕಾರ್ಟಿಸೋನ್ ಕೂಡ ಸೌಮ್ಯವಾದ ಸ್ಟೀರಾಯ್ಡೇ. ನಿಲ್ಲಿಸಿದ ಮೇಲೆ ಕೆಲವು ದಿನ ತುರಿಕೆ, ಕೆಂಪು ಹೆಚ್ಚಬಹುದು. ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ. ತಿಂಗಳುಗಟ್ಟಲೆ ಮೈಯ ಹೆಚ್ಚು ಭಾಗಕ್ಕೆ ಹಚ್ಚುತ್ತಿದ್ದವರು ಮಾತ್ರ ನಿಲ್ಲಿಸುವ ಮೊದಲು ಡಾಕ್ಟರನ್ನು ಕೇಳಿ.

ಕೈ ನೋಡಿದರೆ ಸಾಲದು, ಸಾಕ್ಸ್ ತೆಗೆಯಿರಿ

ಕೈಯ ಹುಳುಕಡ್ಡಿಗೂ ಒಣಚರ್ಮಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಸೋಪು, ಚಳಿಗಳಿಂದ ಒಣಗಿದರೆ ಸಾಮಾನ್ಯವಾಗಿ ಎರಡು ಕೈಗಳೂ ಒಣಗುತ್ತವೆ. ಹುಳುಕಡ್ಡಿಯಾದರೆ ಬಹಳ ಮಟ್ಟಿಗೆ ಒಂದೇ ಕೈ, ಜೊತೆಗೆ ಎರಡೂ ಕಾಲು. ಕಾಲನ್ನು ಕೆರೆಯುವ, ಸುಲಿದ ಚರ್ಮ ಕೀಳುವ ಕೈಗೇ ಅದು ಹತ್ತುತ್ತದೆ. ಒಂದು ಅಂಗೈ ಮಾತ್ರ ಹೊಟ್ಟೇಳುತ್ತಿದ್ದು ಎಷ್ಟು ಮಾಯಿಶ್ಚರೈಸರ್ ಹಚ್ಚಿದರೂ ಬಗ್ಗದಿದ್ದರೆ ಕಾಲ್ಬೆರಳ ಸಂದು, ಅಂಗಾಲು, ಉಗುರುಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಕಾಲನ್ನು ಬಿಟ್ಟು ಕೈಗಷ್ಟೇ ಔಷಧಿ ಹಚ್ಚಿದರೆ ಕಾಲಿನಿಂದ ಮತ್ತೆ ಬರುತ್ತದೆ.

ಇಂಗ್ಲಿಷ್ ಪುಸ್ತಕಗಳ ಚಿತ್ರದಂತೆ ನಮ್ಮ ಮೈಬಣ್ಣದ ಮೇಲೆ ಇದು ಕೆಂಪಗೇ ಕಾಣಬೇಕೆಂದಿಲ್ಲ. ಕಂದು, ಬೂದು ಬಣ್ಣದ ಮಚ್ಚೆಯಾಗಿ ಕಂಡೀತು. ವಾಸಿಯಾದ ಮೇಲೂ ಕಪ್ಪು ಕಲೆ ಕೆಲವು ತಿಂಗಳು ಉಳಿಯಬಹುದು. ಹೊಟ್ಟು, ತುರಿಕೆ ಇಲ್ಲದ ಬರೀ ಕಲೆಗೆ ಮತ್ತೆ ಔಷಧಿ ಬೇಡ.

ಹಚ್ಚುವ ಕ್ರಮ

ಬೆರಳ ಸಂದಿನ ಹುಳುಕಡ್ಡಿಗೆ ಫಾರ್ಮಸಿಯಲ್ಲಿ ಪಾದದ ಔಷಧಿಗಳ ಸಾಲಿನಲ್ಲಿ ಚೀಟಿಯಿಲ್ಲದೆ ಸಿಗುವ ಕ್ರೀಮೇ ಸಾಮಾನ್ಯವಾಗಿ ಸಾಕು. ಒಂದೇ ಬ್ರ್ಯಾಂಡಿನ ಬೇರೆ ಬೇರೆ ಡಬ್ಬಿಗಳಲ್ಲಿ ಬೇರೆ ಬೇರೆ ಔಷಧಿ ಇರುವುದುಂಟು. ಆದ್ದರಿಂದ ಡಬ್ಬಿಯ ಹೆಸರಿಗಿಂತ ಹಿಂಬದಿಯ ‘ಆಕ್ಟಿವ್ ಇಂಗ್ರೀಡಿಯೆಂಟ್’ ಸಾಲನ್ನು ಓದಿ. ಶೇಕಡಾ 1ರ ಟರ್ಬಿನಾಫಿನ್ ಆದರೆ ಬೆರಳ ಸಂದಿಗೆ ದಿನಕ್ಕೆ ಎರಡು ಸಲ, ಒಂದು ವಾರ. ಅಂಗಾಲಿಗೆ, ಪಾದದ ಪಕ್ಕಗಳಿಗೆ ಎರಡು ವಾರ. ಶೇಕಡಾ 1ರ ಕ್ಲೊಟ್ರಿಮಜೋಲ್ ಆದರೆ ದಿನಕ್ಕೆ ಎರಡು ಸಲ, ನಾಲ್ಕು ವಾರ. ನಿಸ್ಟಾಟಿನ್ ಎಂಬುದೂ ಶಿಲೀಂಧ್ರದ ಔಷಧಿಯೇ, ಆದರೆ ಹುಳುಕಡ್ಡಿಯ ಮೇಲೆ ಅದು ಕೆಲಸ ಮಾಡುವುದಿಲ್ಲ. ಗರ್ಭಿಣಿಯರು, ಹಾಲೂಡಿಸುವವರು, 12 ವರ್ಷದೊಳಗಿನ ಮಕ್ಕಳಿಗೆ ಹಚ್ಚುವವರು ಫಾರ್ಮಸಿಸ್ಟ್ ಅಥವಾ ಡಾಕ್ಟರನ್ನು ಕೇಳಿಯೇ ಕೊಳ್ಳಿ.

ಕಾಲು ತೊಳೆದು, ಸಂದುಗಳನ್ನು ಒತ್ತಿ ಒರೆಸಿ, ಐದು ನಿಮಿಷ ಗಾಳಿಗೆ ಬಿಡಿ. ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಕ್ರೀಮ್ ಹಿಂಡಿಕೊಂಡರೆ ಎರಡು ಅಂಗೈಯಷ್ಟು ಜಾಗಕ್ಕೆ ಬರುತ್ತದೆ. ಕಾಣುವ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ತೆಳುವಾಗಿ ಸವರಿ, ಕೈ ತೊಳೆದುಕೊಳ್ಳಿ. ಬಹುಪಾಲು ಜನ ಎಡವುವುದು ಇದಾದ ಮೇಲೆ: ಮೂರ್ನಾಲ್ಕು ದಿನಕ್ಕೆ ತುರಿಕೆ ಇಳಿದೊಡನೆ ಟ್ಯೂಬು ಮುಚ್ಚಿಡುತ್ತಾರೆ. ತುರಿಕೆ ಮೊದಲು ಹೋಗುತ್ತದೆ, ಶಿಲೀಂಧ್ರ ಆಮೇಲೆ. ಡಬ್ಬಿಯಲ್ಲಿ ಹೇಳಿದಷ್ಟು ದಿನ ಹಚ್ಚಲೇಬೇಕು.

ಅಂಗಾಲು, ಅಂಗೈಗಳ ದಪ್ಪ ಚರ್ಮದ ಕಥೆ ಬೇರೆ. ಅಲ್ಲಿ ಕ್ರೀಮ್ ಆಳಕ್ಕೆ ಇಳಿಯದೆ ಎಷ್ಟೋ ಸಲ ಸೋಲುತ್ತದೆ. ನಾವು ಊಹಿಸಿಕೊಂಡ ಮನೆಯ ಯಜಮಾನರು ಕೊನೆಗೆ ಡಾಕ್ಟರ ಬಳಿ ಹೋದರು. ಡಾಕ್ಟರು ಕೈ, ಕಾಲು ಎರಡೂ ಕಡೆಯ ಹೊಟ್ಟನ್ನು ಮೆಲ್ಲಗೆ ಕೆರೆದು, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಹಾಕಿ, ಮೈಕ್ರೋಸ್ಕೋಪಿನಲ್ಲಿ ಶಿಲೀಂಧ್ರದ ಎಳೆಗಳನ್ನು ಕಂಡು, ಎರಡು ವಾರ ದಿನಕ್ಕೊಂದರಂತೆ 250 ಮಿಲಿಗ್ರಾಂ ಟರ್ಬಿನಾಫಿನ್ ಮಾತ್ರೆ ಬರೆದರು. ಲಿವರ್ ತೊಂದರೆ, ಬೇರೆ ಮಾತ್ರೆಗಳಿದ್ದರೆ ಹೇಳಿ ಎಂದು ಮೊದಲೇ ಕೇಳಿದರು. ಹೆಂಡತಿಗೆ ಬೆರಳ ಸಂದಿನಲ್ಲಷ್ಟೇ ಇದ್ದುದರಿಂದ ಕ್ರೀಮೇ ಸಾಕಾಯಿತು. ಇಬ್ಬರಿಗೂ ಔಷಧಿ ಒಂದೇ ದಿನ ಶುರುವಾದದ್ದು ಮುಖ್ಯ. ಒಬ್ಬರು ವಾಸಿಯಾಗಿ ಇನ್ನೊಬ್ಬರು ಉಳಿದರೆ ಅದು ಮನೆಯೊಳಗೇ ಸುತ್ತುತ್ತಿರುತ್ತದೆ.

ಟವೆಲ್, ಸಾಕ್ಸ್, ಬರಿಗಾಲು

ಔಷಧಿ ಶುರುಮಾಡಿದ ದಿನವೇ ಪ್ರತಿಯೊಬ್ಬರಿಗೂ ಬೇರೆ ಬಣ್ಣದ ಟವೆಲ್ ಕೊಡಿ. ಸೋಂಕಿದ್ದವರು ಕಾಲಿಗೆಂದೇ ಇನ್ನೊಂದು ಚಿಕ್ಕ ಟವೆಲ್ ಇಟ್ಟುಕೊಂಡು, ಮೈ ಒರೆಸಿದ ಮೇಲೆ ಕಾಲನ್ನು ಕೊನೆಯಲ್ಲಿ ಒರೆಸಲಿ. ಟವೆಲ್, ಸಾಕ್ಸ್, ಬಾತ್‌ರೂಮ್ ಮ್ಯಾಟ್‌ಗಳನ್ನು 60 ಡಿಗ್ರಿ ಸೆಲ್ಸಿಯಸ್, ಅಂದರೆ 140 ಫ್ಯಾರನ್‌ಹೀಟ್ ಬಿಸಿನೀರಿನಲ್ಲಿ ಒಗೆದು, ಡ್ರೈಯರಿನಲ್ಲಿ ಪೂರ್ತಿ ಒಣಗಿಸಿ. ತಣ್ಣೀರಿನ ಒಗೆತಕ್ಕೆ ಶಿಲೀಂಧ್ರ ಸಾಯುವುದಿಲ್ಲ. ಬಟ್ಟೆ ಹಾಕಿಕೊಳ್ಳುವಾಗ ಮೊದಲು ಸಾಕ್ಸ್, ಆಮೇಲೆ ಒಳಉಡುಪು. ಒಳಉಡುಪನ್ನು ಕಾಲಿನ ಮೇಲಿಂದ ಎಳೆಯುವಾಗ ಕಾಲಿನದು ತೊಡೆಸಂದಿಗೆ ಏರಬಹುದು. ಒಂದೇ ಶೂ ದಿನವೂ ಬೇಡ. ಎರಡು ಜೊತೆ ಇಟ್ಟುಕೊಂಡು ಅದಲುಬದಲು ಮಾಡಿದರೆ ಒಳಗಿನ ತೇವ ಆರಲು ಸಮಯ ಸಿಗುತ್ತದೆ.

ಜಿಮ್ಮಿನ ಶವರ್, ಈಜುಕೊಳದ ಕಟ್ಟೆಗಳಲ್ಲಿ ರಬ್ಬರ್ ಚಪ್ಪಲಿ ಇರಲಿ. ದೇವಸ್ಥಾನಕ್ಕೆ, ನೆಂಟರ ಮನೆಗೆ ಹೋದಾಗ ಚಪ್ಪಲಿ ಬಿಡುವ ನಮ್ಮ ಪದ್ಧತಿಗೇನೂ ಅಡ್ಡಿಯಿಲ್ಲ. ತುರಿಕೆ ಇರುವಷ್ಟು ದಿನ ಒಗೆದ ಹತ್ತಿಯ ಸಾಕ್ಸ್ ಹಾಕಿಕೊಂಡು ಹೋದರಾಯಿತು. ಒಣ ನೆಲಕ್ಕಿಂತ ಒದ್ದೆ ನೆಲದಲ್ಲಿ ಅಪಾಯ ಹೆಚ್ಚು.

ಡಾಕ್ಟರಿಗೆ ಏನು ಹೇಳಬೇಕು

ಸರಿಯಾದ ಕ್ರೀಮನ್ನು ಪೂರ್ತಿ ಅವಧಿ ಹಚ್ಚಿಯೂ ಕಡಿಮೆಯಾಗದಿದ್ದರೆ, ಉಗುರು ದಪ್ಪಗಾಗಿ ಹಳದಿಯಾಗಿದ್ದರೆ, ಮಗುವಿನ ತಲೆಯಲ್ಲಿ ಕೂದಲುದುರಿ ಹೊಟ್ಟಿನ ಮಚ್ಚೆ ಕಂಡರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು ಬೆರಳ ಸಂದು ಬಿರಿದ ದಿನವೇ ತೋರಿಸಬೇಕು. ಕಾಲು ಊದಿ, ಬಿಸಿಯಾಗಿ, ನೋವು, ಜ್ವರ ಬಂದರೆ ಅದು ಬ್ಯಾಕ್ಟೀರಿಯಾ ಸೋಂಕು ಇರಬಹುದು. ಅದೇ ದಿನ ಅರ್ಜೆಂಟ್ ಕೇರ್‌ಗೆ ಹೋಗಿ.

ಭಾರತದಲ್ಲಿ ಈಚಿನ ವರ್ಷಗಳಲ್ಲಿ ಟ್ರೈಕೊಫೈಟನ್ ಇಂಡೊಟೀನಿಯೆ ಎಂಬ ಹಟಮಾರಿ ತಳಿ ಹಬ್ಬಿದೆ. ಹೆಚ್ಚಾಗಿ ತೊಡೆಸಂದು, ಸೊಂಟ, ಮೈಮೇಲೆ ದೊಡ್ಡದಾಗಿ ಹರಡುತ್ತದೆ. ಹಲವರಲ್ಲಿ ಟರ್ಬಿನಾಫಿನ್‌ಗೆ ಬಗ್ಗುವುದಿಲ್ಲ, ಬೇರೆ ಮಾತ್ರೆ ಬೇಕಾಗುತ್ತದೆ. ಅಮೆರಿಕದ ಸಿಡಿಸಿ ನ್ಯೂಯಾರ್ಕಿನಲ್ಲಿ ಕಂಡ ಇಂಥ ಇಬ್ಬರು ರೋಗಿಗಳ ಬಗ್ಗೆ ವರದಿ ಮಾಡಿದ್ದು 2023ರಲ್ಲಿ. ಇಲ್ಲಿನ ಎಲ್ಲ ಡಾಕ್ಟರುಗಳೂ ಅದನ್ನು ನೋಡಿರಲಿಕ್ಕಿಲ್ಲ. ಆದ್ದರಿಂದ ಮೂರು ಸಂಗತಿ ನೀವಾಗಿಯೇ ಹೇಳಿ: ಊರಿಂದ ಯಾವಾಗ ಬಂದಿರಿ, ಯಾವ ಕ್ರೀಮನ್ನು ಎಷ್ಟು ದಿನ ಹಚ್ಚಿದಿರಿ, ಮನೆಯಲ್ಲಿ ಇನ್ನಾರಿಗೆ ತುರಿಕೆ ಇದೆ. ಆ ಹಳೆಯ ಟ್ಯೂಬನ್ನು ಇನ್ನು ಹಚ್ಚಬೇಡಿ, ಆದರೆ ಡಾಕ್ಟರಿಗೆ ತೋರಿಸುವವರೆಗೆ ಎಸೆಯಲೂ ಬೇಡಿ.