ಅಮ್ಮಿಯ ಪಾಸ್‌ಬುಕ್ಕಿನ ಮೂರು ಸಾಲುಗಳು

ನಮ್ಮ ಮನೆಯಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರುವ ಕೆಲಸ ನನ್ನದು. ಜುಲೈನಲ್ಲಿ ಹಾಗೆ ಮಾಡಿಸಿ ತಂದಾಗ ಅಮ್ಮಿ, "ಇದರಲ್ಲಿ ದುಡ್ಡು ಕಡಿಮೆ ಇದೆಯಲ್ಲ ಬೇಟಾ, ನಾನು ತೆಗೆದೇ ಇಲ್ಲ" ಎಂದರು. ನೋಡಿದರೆ ಮೂರು ಚಿಕ್ಕ ಕಡಿತಗಳಿದ್ದವು: 40.12, 17.70 ಮತ್ತು 88.50. ಒಟ್ಟು 146 ರೂಪಾಯಿ 32 ಪೈಸೆ. ಅಮ್ಮಿಗೆ ಅದು ಒಂದು ಬ್ಲೌಸ್ ಹೊಲಿದ ಕೂಲಿ. ಕಾಮರ್ಸ್ ಓದುವ ಮಗಳು ಮನೆಯಲ್ಲಿದ್ದೂ ಅದಕ್ಕೆ ಉತ್ತರ ಗೊತ್ತಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು.

ಉತ್ತರ ಇರುವುದು ಬ್ಯಾಂಕಿನ ಸೇವಾ ಶುಲ್ಕಗಳ ಪಟ್ಟಿಯಲ್ಲಿ. ಪ್ರತಿ ಬ್ಯಾಂಕಿನ ವೆಬ್‌ಸೈಟಿನಲ್ಲಿ ಅದು 'ಸರ್ವೀಸ್ ಚಾರ್ಜಸ್' ಎಂಬ ಹೆಸರಿನಲ್ಲಿ ಸಿಗುತ್ತದೆ. ನಮ್ಮ ಬ್ಯಾಂಕಿನದು ಹಲವು ಪುಟಗಳ ಪಿಡಿಎಫ್. ಮೊದಲ ಪುಟದಿಂದ ಓದಲು ಹೋಗಿ ನಾನು ಅರ್ಧ ದಿನ ಕಳೆದುಕೊಂಡೆ. ಲಾಕರ್, ಡಿಮ್ಯಾಂಡ್ ಡ್ರಾಫ್ಟ್ ಎಲ್ಲ ನಮಗೆ ಬೇಕಾಗಿಲ್ಲ. ಪಾಸ್‌ಬುಕ್ಕಿನ ಸಾಲು ಹಿಡಿದುಕೊಂಡು ಪಟ್ಟಿಗೆ ಹೋಗಬೇಕು. ಇನ್ನೊಂದು ಮಾತು, ಪಟ್ಟಿಯ ದರಗಳ ಕೆಳಗೆ 'ಜಿಎಸ್‌ಟಿ ಪ್ರತ್ಯೇಕ' ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಬ್ಯಾಂಕ್ ಶುಲ್ಕಕ್ಕೆ ಜಿಎಸ್‌ಟಿ 18 ಶೇಕಡಾ. ಆದ್ದರಿಂದ ಪಾಸ್‌ಬುಕ್ಕಿನ ಮೊತ್ತವನ್ನು 1.18ರಿಂದ ಭಾಗಿಸಿದರೆ ಪಟ್ಟಿಯಲ್ಲಿರುವ ದರ ಸಿಗುತ್ತದೆ. 40.12 ಅಂದರೆ 34 ರೂಪಾಯಿ, 17.70 ಅಂದರೆ 15, 88.50 ಅಂದರೆ 75.

ಮೊದಲು 34 ರೂಪಾಯಿ. ಇದು ಕನಿಷ್ಠ ಬಾಕಿ ಇಡದಿದ್ದಕ್ಕೆ ದಂಡ. ಅಮ್ಮಿಯ ಖಾತೆ ಇರುವ ಶಾಖೆ ಅರೆಪಟ್ಟಣ ವರ್ಗದ್ದು, ಅಲ್ಲಿ ಕನಿಷ್ಠ 2,000 ರೂಪಾಯಿ ಇರಬೇಕು. "ಜೂನ್‌ನಲ್ಲಿ ಅಬ್ಬಾ 5,000 ಹಾಕಿದ್ದರಲ್ಲ, ಮತ್ತೆ ಕಡಿಮೆ ಹೇಗೆ?" ಎಂದು ಅಮ್ಮಿ ಕೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಪಟ್ಟಿಯಲ್ಲಿ ಬರೆದಿರುವುದು ಬರೀ ಬಾಕಿ ಅಲ್ಲ, 'ಮಾಸಿಕ ಸರಾಸರಿ ಬಾಕಿ'. ಅಂದರೆ ತಿಂಗಳ ಪ್ರತಿ ದಿನದ ಕೊನೆಗೆ ಖಾತೆಯಲ್ಲಿ ಉಳಿದ ಹಣವನ್ನೆಲ್ಲ ಕೂಡಿಸಿ, ತಿಂಗಳ ದಿನಗಳಿಂದ ಭಾಗಿಸುತ್ತಾರೆ.

ಅಮ್ಮಿಯ ಜೂನ್ ತಿಂಗಳನ್ನು ಹಾಗೆ ಲೆಕ್ಕ ಹಾಕಿದೆ. 1ರಿಂದ 10ರವರೆಗೆ ಹತ್ತು ದಿನ ಇದ್ದದ್ದು 600 ರೂಪಾಯಿ, ಹತ್ತು ದಿನಕ್ಕೆ 6,000. 11ರಂದು ಅಬ್ಬಾ ಕಳಿಸಿದ ಹಣ ಸೇರಿ 5,600 ಆಯಿತು. ಅದು 15ರವರೆಗೆ ಐದು ದಿನ ಇತ್ತು, 28,000. 16ರಂದು ಬಾಡಿಗೆಗೆಂದು 5,000 ತೆಗೆದರು. ಉಳಿದ 15 ದಿನ ಮತ್ತೆ 600, ಅಂದರೆ 9,000. ಮೂರೂ ಕೂಡಿಸಿದರೆ 43,000. ಅದನ್ನು 30ರಿಂದ ಭಾಗಿಸಿದರೆ 1,433 ರೂಪಾಯಿ 33 ಪೈಸೆ. ಕೊರತೆ 566.67. ನಮ್ಮ ಬ್ಯಾಂಕಿನ ಪಟ್ಟಿಯಲ್ಲಿ ದಂಡ ಕೊರತೆಯ ಮೇಲೆ 6 ಶೇಕಡಾ, ಸರಿಯಾಗಿ 34 ರೂಪಾಯಿ. ಲೆಕ್ಕ ಪೈಸೆ ಸಮೇತ ಕೂಡಿದಾಗ ಬ್ಯಾಂಕಿನ ಮೇಲೆ ಕೋಪ ಬಂದಿದ್ದರೂ ಖುಷಿಯಾಯಿತು.

ಈಗ ಇದನ್ನೇ ತಿರುಗಿಸಿ ನೋಡಿ. ಸರಾಸರಿ 2,000 ಆಗಲು ಮೂವತ್ತು ದಿನದ ಮೊತ್ತ 60,000 ಬೇಕು. ನಮ್ಮಲ್ಲಿ 17,000 ಕಡಿಮೆ. ಆ 5,000 ರೂಪಾಯಿ ಇನ್ನು ಮೂರು ದಿನ ಇದ್ದಿದ್ದರೆ 15,000 ಆಗುತ್ತಿತ್ತು, ಸಾಲದು. ನಾಲ್ಕು ದಿನ ಇದ್ದಿದ್ದರೆ 20,000, ಸಾಕು. ಅಮ್ಮಿ 16ರ ಬದಲು 20ರಂದು ತೆಗೆದಿದ್ದರೆ ದಂಡವೇ ಇಲ್ಲ. ಹಣ ಎಷ್ಟಿದೆ ಎಂಬುದರ ಜೊತೆ ಎಷ್ಟು ರಾತ್ರಿ ಖಾತೆಯಲ್ಲಿ ಕಳೆದಿದೆ ಎಂಬುದೂ ಮುಖ್ಯ. ಬೆಳಿಗ್ಗೆ ಹಾಕಿ ಸಂಜೆ ತೆಗೆದ ಹಣ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಬಾಡಿಗೆಯನ್ನು 20ಕ್ಕೆ ಕೊಡಬಹುದೇ ಎಂಬುದು ಮನೆ ಮಾಲೀಕರ ಕೈಯಲ್ಲಿದೆ, ಅದು ಬೇರೆ ಮಾತು.

ದಂಡ ಹೀಗೆ ಕೊರತೆಗೆ ತಕ್ಕಂತೆ ಇರಬೇಕು ಎಂಬುದು ಬ್ಯಾಂಕಿನ ದೊಡ್ಡ ಮನಸ್ಸಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ ಅದು, 2015ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬಾಕಿ ಕಡಿಮೆಯಾದರೆ ಬ್ಯಾಂಕ್ ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು, ಸರಿಪಡಿಸಲು ಒಂದು ತಿಂಗಳು ಕೊಡಬೇಕು, ಬರೀ ಈ ದಂಡದಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಹೋಗಬಾರದು ಎಂದೂ ಅದರಲ್ಲಿದೆ. ಇದನ್ನು ಓದಿದ ಮೇಲೆ, ನಮಗೆ ಸೂಚನೆಯೇ ಬಂದಿಲ್ಲವಲ್ಲ ಎಂದು ಅಮ್ಮಿಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ.

ಕೌಂಟರಿನಲ್ಲಿದ್ದ ಮೇಡಂ ಕಂಪ್ಯೂಟರ್ ನೋಡಿ, "ಮೇ ತಿಂಗಳಲ್ಲೂ ಬಾಕಿ ಕಡಿಮೆ ಇತ್ತು. ಜೂನ್ ಮೊದಲ ವಾರ ಎಸ್‌ಎಂಎಸ್ ಹೋಗಿದೆ" ಎಂದರು. ಯಾವ ನಂಬರಿಗೆ ಎಂದು ಕೇಳಿದೆ. ಅಬ್ಬಾರ ಹಳೆಯ ನಂಬರ್! ಆ ಸಿಮ್ ಬಂದ್ ಆಗಿ ಎರಡು ವರ್ಷವಾಗಿದೆ. "ನಂಬರ್ ಬದಲಾಯಿಸಬೇಕಾದದ್ದು ನೀವು ಅಲ್ವಾ?" ಎಂದರು ಮೇಡಂ. ಅದಕ್ಕೆ ನಮ್ಮ ಬಳಿ ಉತ್ತರ ಇರಲಿಲ್ಲ. ಅಂದೇ ಅರ್ಜಿ ತುಂಬಿ ಅಮ್ಮಿಯ ನಂಬರ್ ಕೊಟ್ಟೆವು. 34 ರೂಪಾಯಿ ವಾಪಸ್ ಬರಲಿಲ್ಲ.

ಆದರೆ ಎರಡನೆಯ ಸಾಲು, ಎಸ್‌ಎಂಎಸ್ ಶುಲ್ಕ, ಬೇರೆ ಕಥೆ. ಪಟ್ಟಿಯಲ್ಲಿ 'ಪ್ರತಿ ಸಂದೇಶಕ್ಕೆ 20 ಪೈಸೆ, ಮೂರು ತಿಂಗಳಿಗೆ ಗರಿಷ್ಠ 15 ರೂಪಾಯಿ' ಎಂದಿದೆ. ಗರಿಷ್ಠ ಎಂಬ ಪದವನ್ನು ದಯವಿಟ್ಟು ಗಮನಿಸಿ. 15 ರೂಪಾಯಿ ಆಗಬೇಕಾದರೆ 75 ಸಂದೇಶ ಹೋಗಿರಬೇಕು. ಏಪ್ರಿಲ್‌ನಿಂದ ಜೂನ್‌ವರೆಗೆ ಅಮ್ಮಿಯ ಪಾಸ್‌ಬುಕ್ಕಿನಲ್ಲಿ ಇರುವ ವ್ಯವಹಾರಗಳೇ 9. ಜೊತೆಗೆ ಬೇರೆ ಸೂಚನೆಗಳು ಸೇರಿ 20 ಸಂದೇಶ ಎಂದುಕೊಂಡರೂ 4 ರೂಪಾಯಿ. ಎಸ್‌ಎಂಎಸ್ ಶುಲ್ಕವನ್ನು ನಿಜವಾದ ಬಳಕೆಯ ಮೇಲೆ ಹಾಕಬೇಕು ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಇದನ್ನು ಮೇಡಂಗೆ ತೋರಿಸಿದಾಗ ಅವರು ಪಟ್ಟಿಯನ್ನು ಎರಡು ಸಲ ಓದಿ, "ಬರೆದುಕೊಡಿ" ಎಂದರು.

75 ರೂಪಾಯಿ ಚೆಕ್ ಪುಸ್ತಕದ್ದು. ವರ್ಷಕ್ಕೆ 10 ಹಾಳೆ ಉಚಿತ, ಆಮೇಲೆ ಹಾಳೆಗೆ 3 ರೂಪಾಯಿ. ಹೊಲಿಗೆ ಯಂತ್ರದ ಕಂತಿಗೆ ಏಪ್ರಿಲ್‌ನಲ್ಲಿ 10 ಹಾಳೆ ತೆಗೆದುಕೊಂಡಿದ್ದರು. ಅದಕ್ಕೆ ಎರಡೇ ಹಾಳೆ ಸಾಲಲಿಲ್ಲ. ಮತ್ತೆ ಕೇಳಿದಾಗ ಅರ್ಜಿಯಲ್ಲಿ 25ರ ಮುಂದೆ ಗುರುತು ಹಾಕಿದ್ದು ನಾನೇ. ಕೆಳಗೆ 10 ಹಾಳೆಯದೂ ಇತ್ತು, 30 ರೂಪಾಯಿಗೆ ಮುಗಿಯುತ್ತಿತ್ತು.

ಕನಿಷ್ಠ ಬಾಕಿಯೇ ಬೇಡದ 'ಮೂಲ ಉಳಿತಾಯ ಖಾತೆ'ಗೆ ಬದಲಾಯಿಸೋಣವೇ ಎಂದೂ ಯೋಚಿಸಿದೆವು. ಎಲ್ಲ ಬ್ಯಾಂಕುಗಳೂ ಅದನ್ನು ಕೊಡಬೇಕು, ಆದರೆ ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ. ಕೆಲವು ಬ್ಯಾಂಕುಗಳು ಎಲ್ಲ ಉಳಿತಾಯ ಖಾತೆಗಳ ದಂಡವನ್ನೇ ತೆಗೆದುಹಾಕಿವೆ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ. ನಿಮ್ಮ ಮನೆಯ ಖಾತೆ ಯಾವ ಬ್ಯಾಂಕಿನದು ಎಂದು ನೋಡಿ. ಕಂತಿನ ಚೆಕ್‌ಗಳು ಮುಗಿಯುವವರೆಗೆ ಈಗಿನ ಖಾತೆಯೇ ಇರಲಿ ಎಂದರು ಅಮ್ಮಿ.

ಎಸ್‌ಎಂಎಸ್ ಶುಲ್ಕದ ಅರ್ಜಿಯನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬಂದಿದ್ದೇನೆ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಇದನ್ನು ಬರೆಯುವಾಗ 19 ದಿನ ಆಗಿದೆ. ಅಮ್ಮಿ ಮಾತ್ರ ದಿನಾ ಫೋನ್ ತೆಗೆದು, ತಮ್ಮ ನಂಬರಿಗೆ ಬ್ಯಾಂಕಿನ ಎಸ್‌ಎಂಎಸ್ ಬಂದಿದೆಯೇ ಎಂದು ನೋಡಿ, ಬಂದಿದ್ದರೆ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯುತ್ತಾರೆ. ಇಲ್ಲಿಯವರೆಗೆ ನಾಲ್ಕು ಗೆರೆ, ಅಂದರೆ 80 ಪೈಸೆ.