ಎಲ್ಲ ಬಿಂದುಗಳನ್ನೂ ಮುಟ್ಟುವ ರೇಖೆ: ಬಹುಪದೋಕ್ತಿಯ ಘಾತವನ್ನು ಆರಿಸಲು ಕ್ರಾಸ್ ವ್ಯಾಲಿಡೇಶನ್

ಪಾಠದ ಉದ್ದೇಶ

ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ಗ್ರಾಫ್ ಎಳೆಯುವಾಗ ಅನೇಕ ವಿದ್ಯಾರ್ಥಿಗಳು ಗುರುತಿಸಿದ ಪ್ರತಿ ಬಿಂದುವನ್ನೂ ಮುಟ್ಟುವಂತೆ ರೇಖೆಯನ್ನು ಎಳೆಯುತ್ತಾರೆ. ರೇಖೆ ಯಾವ ಬಿಂದುವನ್ನೂ ತಪ್ಪಿಸಲಿಲ್ಲ ಎಂದರೆ ಪ್ರಯೋಗ ಸರಿಯಾಯಿತು ಎಂಬುದು ಅವರ ನಂಬಿಕೆ. ‘ಬಿಂದುಗಳ ನಡುವೆ ಹಾಯುವ ನಯವಾದ ರೇಖೆ ಎಳೆಯಿರಿ’ ಎಂದು ನಾವು ಹೇಳುತ್ತೇವೆ. ಆದರೆ ಅದು ಏಕೆ ಉತ್ತಮ ಎಂಬುದನ್ನು ಅವರ ಕೈಯಿಂದಲೇ ಲೆಕ್ಕ ಮಾಡಿಸಿ ತೋರಿಸುವುದು ಕಡಿಮೆ. ಈ ಪಾಠದ ಉದ್ದೇಶ ಅದೇ. ಪದವಿಪೂರ್ವ ಎರಡನೇ ವರ್ಷದ ತರಗತಿಗೆ, ಎರಡು ಅವಧಿಗಳಲ್ಲಿ ಮುಗಿಯುವಂತೆ ಇದನ್ನು ಯೋಜಿಸಲಾಗಿದೆ.

ಪೂರ್ವಜ್ಞಾನವಾಗಿ ಬೇಕಾದದ್ದು ಮೂರು: ಬಹುಪದೋಕ್ತಿಯ ಘಾತ ಎಂದರೇನು, ಸ್ಥಿರ ವೇಗೋತ್ಕರ್ಷದಲ್ಲಿ ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ಸಂಗತಿ, ಮತ್ತು ಸಂಕಲನ ವ್ಯವಕಲನ. ಕನಿಷ್ಠ ವರ್ಗ ವಿಧಾನದ ಸೂತ್ರಗಳು ಬೇಕಿಲ್ಲ. ‘ದೋಷಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ರೇಖೆಯನ್ನು ಕೂರಿಸುವುದು’ ಎಂಬ ಒಂದು ವಾಕ್ಯ ಸಾಕು.

ದತ್ತಾಂಶ

ಸ್ವಲ್ಪವೇ ಓರೆಯಾಗಿಟ್ಟ ಒಂದು ಮೀಟರ್ ಹಲಗೆಯ ಮೇಲೆ ಗೋಲಿ ಉರುಳುತ್ತಿದೆ. ಅರ್ಧ ಸೆಕೆಂಡಿಗೊಂದು ತಟ್ಟು ಕೇಳಿಸುತ್ತದೆ, ಪ್ರತಿ ತಟ್ಟಿಗೂ ಗೋಲಿ ಇರುವ ಜಾಗವನ್ನು ಸೆಂಟಿಮೀಟರಿನಲ್ಲಿ ಗುರುತಿಸುತ್ತೇವೆ. ಏಳು ಅಳತೆಗಳು ಹೀಗಿವೆ.

| ತಟ್ಟು t | 1 | 2 | 3 | 4 | 5 | 6 | 7 |
|---|---|---|---|---|---|---|---|
| ದೂರ s | 3 | 6 | 19 | 31 | 52 | 72 | 97 |

ಈ ಅಂಕಿಗಳನ್ನು ಪಾಠಕ್ಕೆಂದೇ ರಚಿಸಲಾಗಿದೆ. ನಿಜವಾದ ನಿಯಮ s = 2t². ಅದರಿಂದ ಬರುವ 2, 8, 18, 32, 50, 72, 98 ಎಂಬ ಬೆಲೆಗಳಿಗೆ ಒಂದೆರಡು ಸೆಂಟಿಮೀಟರ್ ಕೂಡಿಸಿ, ಕಳೆದು ಅಳತೆಯ ದೋಷವನ್ನು ಸೇರಿಸಲಾಗಿದೆ. ಶಿಕ್ಷಕರಿಗೆ ಉತ್ತರ ಮೊದಲೇ ಗೊತ್ತಿರುವುದರಿಂದ, ವಿಧಾನವು ಆ ಉತ್ತರವನ್ನು ಹುಡುಕಿ ತೆಗೆಯುತ್ತದೆಯೇ ಎಂದು ಪರೀಕ್ಷಿಸಬಹುದು. ವಿದ್ಯಾರ್ಥಿಗಳಿಗೆ ನಿಯಮವನ್ನು ಕೊನೆಯವರೆಗೆ ಹೇಳಬಾರದು.

ಹಂತ 1: ದೋಷ ಇಳಿಯುತ್ತಲೇ ಹೋಗುತ್ತದೆ

ಏಳೂ ಬಿಂದುಗಳಿಗೆ ಘಾತ 1, 2, 3 ಹೀಗೆ 6ರವರೆಗೆ ಬಹುಪದೋಕ್ತಿಗಳನ್ನು ಕೂರಿಸಿದಾಗ ಉಳಿಯುವ ದೋಷಗಳ ವರ್ಗಗಳ ಸರಾಸರಿಯನ್ನು ಹಲಗೆಯ ಮೇಲೆ ಬರೆಯಬೇಕು: 46.9, 1.67, 1.07, 0.96, 0.92, ಕೊನೆಗೆ 0. ‘ಯಾವ ಘಾತ ಉತ್ತಮ?’ ಎಂದು ಕೇಳಿದರೆ ‘ಆರು’ ಎಂಬ ಉತ್ತರ ಸಹಜವಾಗಿ ಬರುತ್ತದೆ. ಅದನ್ನು ಕೂಡಲೇ ತಪ್ಪು ಎನ್ನುವ ಬದಲು ಇನ್ನೊಂದು ಪ್ರಶ್ನೆ ಹಾಕಬೇಕು: ಈ ಅಂಕಿಗಳು ಎಂದಾದರೂ ಏರಲು ಸಾಧ್ಯವೇ?

ಸಾಧ್ಯವಿಲ್ಲ. ಘಾತ 3ರ ಬಹುಪದೋಕ್ತಿಯಲ್ಲಿ t³ನ ಗುಣಾಂಕವನ್ನು ಸೊನ್ನೆ ಮಾಡಿದರೆ ಘಾತ 2ರದ್ದೇ ಸಿಗುತ್ತದೆ. ಆದ್ದರಿಂದ ಘಾತ ಹೆಚ್ಚಿದಂತೆ ಹೊಂದಿಕೆ ಹಾಗೆಯೇ ಉಳಿಯಬಹುದು ಅಥವಾ ಸುಧಾರಿಸಬಹುದು, ಕೆಡಲಾರದು. ಏಳು ಬಿಂದುಗಳಿಗೆ ಏಳು ಗುಣಾಂಕಗಳು ದೊರೆತಾಗ ದೋಷ ಸೊನ್ನೆಯಾಗಲೇಬೇಕು, ಅಳತೆ ಎಷ್ಟೇ ಒರಟಾಗಿದ್ದರೂ ಸರಿ. ಯಾವ ದತ್ತಾಂಶಕ್ಕಾದರೂ ಇಳಿಯಲೇಬೇಕಾದ ಈ ಅಂಕಿ ಗೋಲಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಇಲ್ಲಿ ಘಾತ 2ರಿಂದ ಮುಂದೆ ಆದ ‘ಸುಧಾರಣೆ’ ನಮ್ಮ ಅಳತೆಯ ದೋಷವನ್ನೇ ರೇಖೆ ಬಾಯಿಪಾಠ ಮಾಡಿಕೊಂಡದ್ದು. ಇದನ್ನೇ ಓವರ್‌ಫಿಟಿಂಗ್ ಎನ್ನುತ್ತೇವೆ.

ಹಂತ 2: ಒಂದು ಬಿಂದುವನ್ನು ಮುಚ್ಚಿಡುವುದು

ರೇಖೆ ಕಲಿತಿದೆಯೋ ಬಾಯಿಪಾಠ ಮಾಡಿದೆಯೋ ತಿಳಿಯಬೇಕಾದರೆ ಅದು ನೋಡದ ಬಿಂದುವನ್ನು ಕೇಳಬೇಕು. ಏಳನೆಯ ಅಳತೆ 97ನ್ನು ಕಾಗದದಿಂದ ಮುಚ್ಚಿ, ಮೊದಲ ಆರರಿಂದ ಅದನ್ನು ಊಹಿಸೋಣ.

ಆರು ಬಿಂದುಗಳ ಮೂಲಕ ನಿಖರವಾಗಿ ಹಾಯುವ ಘಾತ 5ರ ರೇಖೆಯ ಊಹೆಯನ್ನು ವ್ಯತ್ಯಾಸಗಳ ಕೋಷ್ಟಕದಿಂದ ವಿದ್ಯಾರ್ಥಿಗಳೇ ಪಡೆಯಬಹುದು. ಪಕ್ಕಪಕ್ಕದ ಅಂಕಿಗಳನ್ನು ಕಳೆಯುತ್ತಾ ಹೋಗಬೇಕು.

```
3   6   19   31   52   72
  3   13   12   21   20
    10   -1    9   -1
      -11   10  -10
         21  -20
           -41
```

ಘಾತ 5ರ ಬಹುಪದೋಕ್ತಿಗೆ ಐದನೆಯ ವ್ಯತ್ಯಾಸ ಬದಲಾಗದು, ಅದು −41 ಆಗಿಯೇ ಇರುತ್ತದೆ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಪ್ರತಿ ಸಾಲಿನ ಕೊನೆಯ ಅಂಕಿಗೆ ಕೂಡಿಸುತ್ತಾ ಬಂದರೆ −20 − 41 = −61, −10 − 61 = −71, −1 − 71 = −72, 20 − 72 = −52, ಕೊನೆಗೆ 72 − 52 = 20. ಅಂದರೆ ಆರನೆಯ ತಟ್ಟಿಗೆ 72 ಸೆಂ.ಮೀ.ಯಲ್ಲಿದ್ದ ಗೋಲಿ, ಏಳನೆಯ ತಟ್ಟಿಗೆ ಇಳಿಜಾರನ್ನು ಹತ್ತಿಕೊಂಡು 20 ಸೆಂ.ಮೀ.ಗೆ ಹಿಂತಿರುಗುತ್ತದೆ ಎಂದು ಈ ರೇಖೆ ಹೇಳುತ್ತದೆ! ಆರು ಬಿಂದುಗಳಲ್ಲಿ ಒಂದಿಷ್ಟೂ ತಪ್ಪದ ರೇಖೆ ಏಳನೆಯದರಲ್ಲಿ 77 ಸೆಂ.ಮೀ. ತಪ್ಪಿತು. ಈ ಲೆಕ್ಕವನ್ನು ಶಿಕ್ಷಕರು ಮಾಡಿ ತೋರಿಸದೆ ವಿದ್ಯಾರ್ಥಿಗಳಿಂದಲೇ ಮಾಡಿಸಬೇಕು.

ಅದೇ ಆರು ಬಿಂದುಗಳಿಗೆ ಘಾತ 2ರ ರೇಖೆಯನ್ನು ಕೂರಿಸಿದರೆ ಅದರ ಊಹೆ 99.5. ತಪ್ಪಿದ್ದು 2.5 ಸೆಂ.ಮೀ. ಮಾತ್ರ. ಘಾತ 1ರ ನೇರ ರೇಖೆಯ ಊಹೆ 80. ಅದರ ಕೊರತೆ ಬೇರೆ ಬಗೆಯದು: ಬಾಗುವ ಚಲನೆಯನ್ನು ಹಿಡಿಯುವ ಶಕ್ತಿಯೇ ಅದಕ್ಕಿಲ್ಲ.

ಹಂತ 3: ಸರದಿಯಂತೆ ಎಲ್ಲ ಬಿಂದುಗಳು

ಒಂದೇ ಬಿಂದುವನ್ನು ಮುಚ್ಚಿ ತೀರ್ಪು ಕೊಟ್ಟರೆ ಅದೃಷ್ಟದ ಪಾತ್ರ ಹೆಚ್ಚು. ಅದಕ್ಕಾಗಿ ಪ್ರತಿ ಬಿಂದುವನ್ನೂ ಸರದಿಯಂತೆ ಮುಚ್ಚಿ, ಉಳಿದ ಆರರಿಂದ ರೇಖೆಯನ್ನು ಹೊಸದಾಗಿ ಕೂರಿಸಿ, ಮುಚ್ಚಿದ್ದನ್ನು ಊಹಿಸಿ, ತಪ್ಪಿನ ವರ್ಗಗಳ ಸರಾಸರಿ ತೆಗೆಯುತ್ತೇವೆ. ಇದು ಕ್ರಾಸ್ ವ್ಯಾಲಿಡೇಶನ್‌ನ ‘ಒಂದನ್ನು ಬಿಡುವ’ ರೂಪ. ದತ್ತಾಂಶ ದೊಡ್ಡದಿದ್ದರೆ ಒಂದೊಂದೇ ಬಿಂದುವಿನ ಬದಲು ಐದು ಅಥವಾ ಹತ್ತು ಗುಂಪು ಮಾಡಿ, ಗುಂಪನ್ನೇ ಸರದಿಯಂತೆ ಮುಚ್ಚುತ್ತಾರೆ. ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಇಷ್ಟು ಸಾಲು ಸಾಕು.

```python
import numpy as np
t = np.arange(1, 8)
s = np.array([3, 6, 19, 31, 52, 72, 97])
for d in range(1, 6):
    e = []
    for i in range(7):
        k = t != t[i]
        p = np.polyfit(t[k], s[k], d)
        e.append((s[i] - np.polyval(p, t[i]))**2)
    print(d, np.mean(e))
```

| ಘಾತ | ನೋಡಿದ ಬಿಂದುಗಳ ದೋಷ | ಮುಚ್ಚಿದ ಬಿಂದುಗಳ ದೋಷ |
|---|---|---|
| 1 | 46.9 | 126.0 |
| 2 | 1.67 | 7.3 |
| 3 | 1.07 | 8.4 |
| 4 | 0.96 | 23.2 |
| 5 | 0.92 | 1750.7 |
| 6 | 0 | ಪರೀಕ್ಷಿಸಲಾಗದು |

ಎರಡನೆಯ ಕಾಲಂ ಇಳಿಯುತ್ತಲೇ ಹೋದರೆ ಮೂರನೆಯದು ಇಳಿದು ಮತ್ತೆ ಏರುತ್ತದೆ. ತಳ ಇರುವುದು ಘಾತ 2ರಲ್ಲಿ. ಘಾತ 6 ಪರೀಕ್ಷೆಗೇ ಬರುವುದಿಲ್ಲ, ಏಕೆಂದರೆ ಆರು ಬಿಂದುಗಳಿಂದ ಏಳು ಗುಣಾಂಕಗಳನ್ನು ನಿರ್ಧರಿಸಲಾಗದು.

ಇಲ್ಲಿ ಚುರುಕಾದ ವಿದ್ಯಾರ್ಥಿ ಒಂದು ಆಕ್ಷೇಪ ಎತ್ತಬಹುದು: ‘ತುದಿಯ ಬಿಂದುವನ್ನು ಮುಚ್ಚಿದಾಗ ರೇಖೆ ದತ್ತಾಂಶದ ಹೊರಗೆ ಹೋಗಿ ಊಹಿಸಬೇಕು, ಇದು ಘಾತ 5ಕ್ಕೆ ಅನ್ಯಾಯವಲ್ಲವೇ?’ ಆಕ್ಷೇಪದಲ್ಲಿ ಹುರುಳಿದೆ. 1750ರ ಬಹುಪಾಲು ಬಂದದ್ದು ಎರಡು ತುದಿಗಳಿಂದಲೇ. ಆದರೆ ನಟ್ಟನಡುವಿನ t = 4ನ್ನು ಮುಚ್ಚಿದಾಗಲೂ ಘಾತ 5 ತಪ್ಪುವುದು 3.85 ಸೆಂ.ಮೀ., ಘಾತ 2 ತಪ್ಪುವುದು 1.86. ಏಳೂ ಬಿಂದುಗಳಲ್ಲಿ ಒಂದರಲ್ಲೂ ಘಾತ 5 ಗೆಲ್ಲುವುದಿಲ್ಲ.

ಹಂತ 4: 7.3 ಮತ್ತು 8.4ರ ನಡುವೆ

ಘಾತ 2 ಮತ್ತು 3ರ ನಡುವಿನ ಅಂತರ ಕೇವಲ 1.1. ಇದನ್ನು ನಂಬಬಹುದೇ? ಘಾತ 2ರ ಏಳು ವರ್ಗದೋಷಗಳನ್ನು ಬಿಡಿಸಿ ನೋಡಿದರೆ 25, 8.4, 1.2, 3.4, 6.8, 0, 6.3. ಮೊತ್ತ ಸುಮಾರು 51ರಲ್ಲಿ ಅರ್ಧದಷ್ಟು ಮೊದಲ ಬಿಂದುವೊಂದರಿಂದಲೇ ಬಂದಿದೆ. ಈ ಏಳು ಅಂಕಿಗಳ ಸರಾಸರಿಯ ಪ್ರಮಾಣಿತ ದೋಷ ಸುಮಾರು 3.2. ಅಂದರೆ 1.1ರ ಅಂತರ ಅಳತೆಯ ಆಟದೊಳಗೇ ಅಡಗಿಹೋಗುವಷ್ಟು ಸಣ್ಣದು. ಇನ್ನೊಂದು ದಿನ ಇದೇ ಪ್ರಯೋಗ ಮಾಡಿದರೆ ಘಾತ 3 ಸ್ವಲ್ಪ ಮುಂದೆ ಬರಬಹುದು.

ಇಂಥ ಸಂದರ್ಭಕ್ಕೆ ಬಳಕೆಯಲ್ಲಿರುವ ನಿಯಮ ಹೀಗಿದೆ: ಅತಿ ಕಡಿಮೆ ದೋಷದಿಂದ ಒಂದು ಪ್ರಮಾಣಿತ ದೋಷದೊಳಗೆ ಬರುವ ಮಾದರಿಗಳಲ್ಲಿ ಅತಿ ಸರಳವಾದುದನ್ನು ಆರಿಸಬೇಕು. ಇಲ್ಲಿ ಆ ಮಿತಿ 7.3 + 3.2 = 10.5. ಘಾತ 2 ಮತ್ತು 3 ಎರಡೂ ಒಳಗಿವೆ, ನೇರ ರೇಖೆ ಬಹುದೂರ ಹೊರಗಿದೆ. ಆದ್ದರಿಂದ ಆಯ್ಕೆ ಘಾತ 2. ಕ್ರಾಸ್ ವ್ಯಾಲಿಡೇಶನ್ 1, 4, 5ನ್ನು ದೃಢವಾಗಿ ತಳ್ಳಿಹಾಕುತ್ತದೆ. ಆದರೆ 2 ಮತ್ತು 3ರ ನಡುವೆ ಅದು ಪಿಸುಗುಟ್ಟುತ್ತದೆ, ಅಷ್ಟೆ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸುವಂತೆ ಮಾಡುವುದು ಅಗತ್ಯ.

ಘಾತವನ್ನು ಆರಿಸಿದ ಮೇಲೆ ಮುಚ್ಚುವ ಕೆಲಸ ಮುಗಿಯಿತು. ಈಗ ಏಳೂ ಬಿಂದುಗಳನ್ನು ಬಳಸಿ ಕೊನೆಯ ರೇಖೆಯನ್ನು ಕೂರಿಸಬೇಕು: s = 1.94t² + 0.44t − 0.57. ಈಗ s = 2t² ಎಂಬ ನಿಜನಿಯಮವನ್ನು ಹಲಗೆಯ ಮೇಲೆ ಬರೆಯಬಹುದು. ಎರಡೂ ಎಷ್ಟು ಹತ್ತಿರ ಎಂಬುದು ವಿವರಣೆಯಿಲ್ಲದೆ ಕಾಣುತ್ತದೆ.

ಎಚ್ಚರ ವಹಿಸಬೇಕಾದ ಒಂದು ಕಡೆ

ಪ್ರಯೋಗಾಲಯದಲ್ಲಿ ಪ್ರತಿ ಅಳತೆಯನ್ನು ಮೂರು ಬಾರಿ ತೆಗೆದುಕೊಳ್ಳುವುದು ರೂಢಿ. ಆಗ 21 ಬಿಂದುಗಳಾಗುತ್ತವೆ. ಅವುಗಳಲ್ಲಿ ಒಂದನ್ನೇ ಮುಚ್ಚಿದರೆ ಅದೇ ತಟ್ಟಿನ ಇನ್ನೆರಡು ಅಳತೆಗಳು ತೆರೆದೇ ಇರುತ್ತವೆ. ಘಾತ 6ರ ರೇಖೆ ಆ ಎರಡನ್ನು ನೋಡಿಯೇ ಮೂರನೆಯದನ್ನು ಹೇಳಿಬಿಡುತ್ತದೆ. ಹೀಗಾಗಿ ಮುಚ್ಚಿದ ಬಿಂದುವಿನ ದೋಷವೂ ಕಡಿಮೆಯಾಗಿ ಕಂಡು, ಬಾಯಿಪಾಠ ಮಾಡಿದ ರೇಖೆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದಂತೆ ಇದು. ಮುಚ್ಚುವುದಾದರೆ ಒಂದು ತಟ್ಟಿನ ಮೂರು ಅಳತೆಗಳನ್ನೂ ಒಟ್ಟಿಗೆ ಮುಚ್ಚಬೇಕು. ಹೆಚ್ಚಿನ ಘಾತಗಳಿಗೂ ದೋಷ ಮೇಲೇಳದೆ ಚಪ್ಪಟೆಯಾಗಿಯೇ ಉಳಿದರೆ, ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಮೌಲ್ಯಮಾಪನ

1. ಮೊದಲ ಅಳತೆ 3ನ್ನು ಮುಚ್ಚಿ, ಉಳಿದ ಆರರಿಂದ ವ್ಯತ್ಯಾಸಗಳ ಕೋಷ್ಟಕವನ್ನು ರಚಿಸಿ, ಎಡಕ್ಕೆ ವಿಸ್ತರಿಸಿ ಘಾತ 5ರ ಊಹೆಯನ್ನು ಕಂಡುಹಿಡಿಯಿರಿ. (ಉತ್ತರ: −74. ದೂರ ಋಣವಾದದ್ದರ ಅರ್ಥವೇನೆಂದು ಕೇಳಬೇಕು.)

2. ಒಬ್ಬ ವಿದ್ಯಾರ್ಥಿಯ ರೆಕಾರ್ಡಿನಲ್ಲಿ ಏಳೂ ಅಳತೆಗಳು ಘಾತ 2ರ ರೇಖೆಯ ಮೇಲೆ ನಿಖರವಾಗಿ ಕುಳಿತಿವೆ. ಇನ್ನೊಬ್ಬಳ ರೆಕಾರ್ಡಿನಲ್ಲಿ ಅಳತೆಗಳು ಒಂದೆರಡು ಸೆಂಟಿಮೀಟರ್ ಆಚೀಚೆ ಇವೆ. ಕೈಯಿಂದ ಗುರುತಿಸಿದ ಅಳತೆಗಳಲ್ಲಿ ಯಾವುದು ಹೆಚ್ಚು ನಂಬಲರ್ಹ? ಕಾರಣ ಕೊಡಿ.

ಎರಡನೆಯ ಪ್ರಶ್ನೆಯ ಉತ್ತರ ಪಾಠದ ಪರಿಣಾಮವನ್ನು ತೋರಿಸುತ್ತದೆ. ‘ಎರಡನೆಯದು’ ಎಂದು ಹೇಳಿ, ತಟ್ಟಿಗೂ ಗುರುತಿಗೂ ನಡುವೆ ಕೈ ತಡವಾಗುವುದನ್ನು ಕಾರಣವಾಗಿ ಕೊಟ್ಟರೆ ಉದ್ದೇಶ ಈಡೇರಿದಂತೆ. ‘ಮೊದಲನೆಯದು, ಅದರಲ್ಲಿ ತಪ್ಪೇ ಇಲ್ಲ’ ಎಂಬ ಉತ್ತರ ಬಂದರೆ ಹಂತ 2ರ ಕೋಷ್ಟಕಕ್ಕೆ ಮರಳಬೇಕು. ರೆಕಾರ್ಡಿಗೆ ಅಂಕ ಕೊಡುವಾಗ ನಾವೂ ಇದನ್ನು ನೆನಪಿಡದಿದ್ದರೆ, ರಬ್ಬರ್ ಹಿಡಿದು ಅಳತೆಯನ್ನು ತಿದ್ದುವ ಅಭ್ಯಾಸವನ್ನು ನಾವೇ ಕಲಿಸಿದಂತಾಗುತ್ತದೆ.